ಹೋಗುವಾಗ ಮಿಕ್ಸಿ ಜಾರು, ಬರುವಾಗ ಬಿಡಿಭಾಗ: ಕಂಡಕ್ಟರ್ ಕೆಲಸದಿಂದ ರಿಪೇರಿ ಅಂಗಡಿಗೆ ಬಂದ ನನ್ನ ಅನುಭವ

ಆಗುಂಬೆ–ತೀರ್ಥಹಳ್ಳಿ–ಶಿವಮೊಗ್ಗ ಮಾರ್ಗದ ಖಾಸಗಿ ಬಸ್ಸೊಂದರಲ್ಲಿ ನಾನು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಈಗ ಅದೇ ದಾರಿಯ ಒಂದು ಕ್ರಾಸಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಮಿಕ್ಸಿ, ಕಳೆ ಕಟರ್, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಈ ಮೂರೇ ನನ್ನ ಕೆಲಸ. ನಾನು ಐಟಿಐ ಓದಿದವನಲ್ಲ, ಮೆಕ್ಯಾನಿಕ್ ಮನೆತನದವನೂ ಅಲ್ಲ. ಈ ಅಂಗಡಿಯ ಯೋಚನೆ ಬಂದದ್ದು ಬಸ್ಸಿನ ಬಾಗಿಲಲ್ಲಿ ನಿಂತು ಜನರ ಕೈಯಲ್ಲಿದ್ದ ಚೀಲ ನೋಡಿ. ಅದು ಹೇಗೆ ಅಂತ ಕೇಳುವವರು ತುಂಬ ಜನ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕಂಡಕ್ಟರನಿಗೆ ಲಗೇಜು ನೋಡುವುದು ಕೆಲಸದ ಭಾಗ. ಯಾವುದಕ್ಕೆ ಟಿಕೆಟ್ ಹರಿಯಬೇಕು, ಯಾವುದನ್ನು ಡಿಕ್ಕಿಗೆ ಹಾಕಬೇಕು, ಯಾವುದನ್ನು ಮಡಿಲಲ್ಲೇ ಇಟ್ಟುಕೊಳ್ಳಲು ಬಿಡಬೇಕು ಅಂತ ಬಸ್ಸು ಪೂರ್ತಿ ನಿಲ್ಲುವ ಮೊದಲೇ ತೀರ್ಮಾನ ಆಗಿರಬೇಕು. ನಮ್ಮ ಬಸ್ಸು ಬೆಳಿಗ್ಗೆ ಆಗುಂಬೆ ಬಿಟ್ಟು, ಗುಡ್ಡೇಕೇರಿ, ಮೇಗರವಳ್ಳಿ ಮೇಲೆ ಎಂಟರ ಹೊತ್ತಿಗೆ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಮಂಡಗದ್ದೆ ಮೇಲೆ ಶಿವಮೊಗ್ಗ ಸೇರುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಮೂರೂವರೆಗೆ ಮತ್ತೆ ತೀರ್ಥಹಳ್ಳಿ, ಕತ್ತಲಾಗುವ ಮೊದಲು ಆಗುಂಬೆ. ಬೆಳಗಿನ ಟ್ರಿಪ್ಪಿನಲ್ಲಿ ಬಾಳೆಗೊನೆ, ಹಾಲಿನ ಕ್ಯಾನು, ಶಾಲೆ ಮಕ್ಕಳ ಬ್ಯಾಗಿನ ಜೊತೆ ದಿನಾ ಒಂದೆರಡು ಮಿಕ್ಸಿ ಜಾರು ಇದ್ದೇ ಇರುತ್ತಿದ್ದವು. ಬಟ್ಟೆ ಚೀಲದಲ್ಲಿ ಸುತ್ತಿ ತಂದರೂ ಸ್ಟೀಲಿನ ಆಕಾರ ಗೊತ್ತಾಗುತ್ತದೆ. ಅದಕ್ಕೆ ಯಾರೂ ಲಗೇಜು ಕೇಳುವುದಿಲ್ಲ, ಹಾಗಾಗಿ ಮೊದಮೊದಲು ನಾನೂ ಗಮನಿಸಿರಲಿಲ್ಲ.

ಗಮನಕ್ಕೆ ಬಂದದ್ದು ಸಂಜೆ ಟ್ರಿಪ್ಪಿನಿಂದ. ಶಿವಮೊಗ್ಗದ ಬಿಡಿಭಾಗದ ಅಂಗಡಿಯ ಹುಡುಗರು ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದು ಸಣ್ಣ ಸಣ್ಣ ಪೊಟ್ಟಣ ಕೊಡುತ್ತಿದ್ದರು. ಮೇಲೆ ತೀರ್ಥಹಳ್ಳಿಯ ಯಾವುದೋ ರಿಪೇರಿ ಅಂಗಡಿಯ ಹೆಸರು. 'ಅಣ್ಣಾ, ಸ್ಟ್ಯಾಂಡಲ್ಲಿ ಬಂದು ತಗೊಳ್ತಾರೆ' ಅನ್ನುವುದು, ಹತ್ತು ರೂಪಾಯಿ ಕೈಗಿಡುವುದು. ಒಂದು ಸಂಜೆ ಪೊಟ್ಟಣದ ಕಾಗದ ಹರಿದು ಒಳಗಿದ್ದದ್ದು ಕಂಡಿತು. ನಾಲ್ಕೈದು ಕಪ್ಲರ್. ಜಾರಿನ ತಳದಲ್ಲಿ, ಮೋಟಾರಿನ ಮೇಲೆ ಕೂರುವ ಹಲ್ಲಿನ ಬಿಲ್ಲೆ ಇರುತ್ತದಲ್ಲ, ಅದು. ಅದೇ ವಾರದಲ್ಲಿ ಮೇಗರವಳ್ಳಿ ಹತ್ತಿರದ ಒಬ್ಬ ಅಕ್ಕ ಎರಡನೇ ಸಲ ಖಾಲಿ ಕೈಯಲ್ಲಿ ಹತ್ತಿದ್ದರು. 'ಜಾರು ಸಿಕ್ಕಿಲ್ವಾ ಅಕ್ಕಾ?' ಅಂದೆ. 'ಸಾಮಾನು ಶಿವಮೊಗ್ಗದಿಂದ ಬರ್ಬೇಕಂತೆ ಮಾರಾಯ. ಗುರುವಾರ ಬನ್ನಿ ಅಂದ್ರು, ಇವತ್ತು ಬಂದ್ರೆ ಇನ್ನೂ ಬಂದಿಲ್ಲ ಅಂತಾರೆ.'

ಅವರ ಜಾರನ್ನು ತೀರ್ಥಹಳ್ಳಿಗೆ ಒಯ್ದದ್ದು ನನ್ನ ಬಸ್ಸು. ಅದಕ್ಕೆ ಬೇಕಾದ ಕಪ್ಲರ್ ಶಿವಮೊಗ್ಗದಿಂದ ತರುವುದೂ ನನ್ನ ಬಸ್ಸೇ. ರಿಪೇರಿ ಅಂಗಡಿಯವರಿಗೆ ಜಾರು ಮಾತ್ರ ಗೊತ್ತು, ಶಿವಮೊಗ್ಗದವರಿಗೆ ಕಪ್ಲರ್ ಮಾತ್ರ ಗೊತ್ತು, ಆ ಅಕ್ಕನಿಗೆ ಗುರುವಾರ ಮಾತ್ರ ಗೊತ್ತು. ಎರಡು ತುದಿಯನ್ನೂ ಒಟ್ಟಿಗೆ ನೋಡುತ್ತಿದ್ದವನು ಕಂಡಕ್ಟರ್ ಒಬ್ಬನೇ.

ಆವತ್ತಿನಿಂದ ಟ್ರಿಪ್ ಶೀಟಿನ ಹಿಂದೆ ಬರೆದಿಡಲು ಶುರು ಮಾಡಿದೆ. ಆಮೇಲೆ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕು ತಂದೆ. ಯಾವ ಸ್ಟೇಜಿನಲ್ಲಿ ಹತ್ತಿದರು, ಏನು ತಂದರು, ಏನಾಗಿದೆ ಅಂದರು, ಅದೇ ವಸ್ತು ಯಾವಾಗ ವಾಪಸು ಹತ್ತಿತು, ಇಷ್ಟೇ. ಕಂಡಕ್ಟರನಿಗೆ ಇದು ಕಷ್ಟವಲ್ಲ. ಯಾರಿಗೆ ಎಷ್ಟು ಚಿಲ್ಲರೆ ಕೊಡಬೇಕು, ಯಾರು ಎಲ್ಲಿ ಇಳಿಯುತ್ತಾರೆ ಅಂತ ಐವತ್ತು ಜನರದ್ದು ನೆನಪಿಡುವ ತಲೆ ಅದು. ಆದರೆ ಬರೆದರೆ ಮಾತ್ರ ತಿಂಗಳುಗಳ ಲೆಕ್ಕ ಪಕ್ಕಪಕ್ಕದಲ್ಲಿ ಕಾಣುತ್ತದೆ.

ಪುಸ್ತಕದಲ್ಲಿ ಕಂಡದ್ದು ಎರಡು ಸಂಗತಿ. ಒಂದು, ಹೆಚ್ಚಿನ ವಸ್ತುಗಳು ವಾಪಸು ಬರುವುದಕ್ಕೆ ಮೂರು ದಿನದಿಂದ ಹತ್ತು ದಿನ. ಎರಡು, ತೀರ್ಥಹಳ್ಳಿಯಲ್ಲಿ ಬಸ್ಸು ನಿಂತಾಗ ರಿಪೇರಿ ಅಂಗಡಿಗೆ ಹೋಗಿ ವಿಚಾರಿಸಿದರೆ, ಕೆಲಸ ಹಿಡಿದದ್ದು ಐದು ನಿಮಿಷ, ಹತ್ತು ನಿಮಿಷ. ಉಳಿದ ದಿನಗಳೆಲ್ಲ ಹೋದದ್ದು ಎಲ್ಲಿ? ಜಾರು ಅಂಗಡಿ ಮುಟ್ಟುವವರೆಗೆ ಯಾವ ಭಾಗ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೆಕ್ಯಾನಿಕ್ ಅದನ್ನು ನೋಡುವುದು ಮಧ್ಯಾಹ್ನ. ಆಗ ಶಿವಮೊಗ್ಗಕ್ಕೆ ಹೇಳಿದರೆ ಆ ದಿನದ ಬಸ್ಸು ತಪ್ಪಿರುತ್ತದೆ. ಐದಾರು ಭಾಗ ಸೇರಲಿ, ಒಟ್ಟಿಗೆ ತರಿಸೋಣ ಅಂತ ಕಾಯುವವರೂ ಇದ್ದರು, ಅದೂ ಸಹಜವೇ. ಅಂದರೆ ತಡವಾಗುತ್ತಿದ್ದದ್ದು ರಿಪೇರಿ ಮಾಡುವುದರಲ್ಲಿ ಅಲ್ಲ, ಏನು ಕೆಟ್ಟಿದೆ ಅಂತ ತಿಳಿಯುವುದರಲ್ಲಿ.

ಇದನ್ನು ಗಟ್ಟಿ ಮಾಡಿದ್ದು ಇನ್ನೊಬ್ಬ ಅಮ್ಮ. ವಯಸ್ಸಾದವರು, ಪೂರ್ತಿ ಮಿಕ್ಸಿಯನ್ನೇ ರಟ್ಟಿನ ಡಬ್ಬದಲ್ಲಿ ಹೊತ್ತು ತಂದಿದ್ದರು. 'ಸ್ವಿಚ್ ಹಾಕಿದ್ರೂ ಸತ್ತೇ ಹೋಗಿದೆ' ಅಂದರು. ಅಂಗಡಿಯವರು ಮಿಕ್ಸಿಯನ್ನು ಮಗುಚಿ, ತಳದಲ್ಲಿದ್ದ ಸಣ್ಣ ಕೆಂಪು ಗುಂಡಿ ಒತ್ತಿದರು, ಓಡಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಗಟ್ಟಿ ಹಿಟ್ಟು ಹಾಕಿಯೋ, ಜಾರು ತುಂಬಿಸಿಯೋ ರುಬ್ಬಿದರೆ ಮೋಟಾರಿನ ಮೇಲೆ ಭಾರ ಬೀಳುತ್ತದೆ. ಸುಟ್ಟುಹೋಗಬಾರದು ಅಂತ ಆ ಗುಂಡಿ ಹೊರಗೆ ಹಾರಿ ಕರೆಂಟು ಕಡಿಯುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒತ್ತಿದರೆ ಮುಗಿಯಿತು. ಈಗಿನ ಹೆಚ್ಚಿನ ಮಿಕ್ಸಿಗಳಲ್ಲಿ ಅದು ಇರುತ್ತದೆ, ಆದರೆ ತಳದಲ್ಲಿ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಅಮ್ಮ ಸಂಜೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಡಬ್ಬದ ಪಕ್ಕ ಕೂತು ಕಾದರು, ಅವರೂರಿಗೆ ನಡುವೆ ಬಸ್ಸಿಲ್ಲ. ಬೆಳಿಗ್ಗೆ ಹತ್ತುವಾಗಲೇ ಯಾರಾದರೂ ಆ ಗುಂಡಿ ನೋಡಿದ್ದರೆ ಆ ಇಡೀ ದಿನ ಅವರದ್ದೇ ಆಗಿರುತ್ತಿತ್ತು. ಊರಲ್ಲೇ ನೋಡಿ ಹೇಳುವವನೊಬ್ಬ ಬೇಕು ಅಂತ ಮನಸ್ಸಿಗೆ ಬಂದದ್ದು ಆಗ.

ಶಿವಮೊಗ್ಗದಲ್ಲಿ ನಮಗೆ ಮಧ್ಯಾಹ್ನ ಎರಡು ಗಂಟೆಯಷ್ಟು ಬಿಡುವಿರುತ್ತಿತ್ತು. ಡ್ರೈವರ್ ಮಲಗುತ್ತಿದ್ದರು, ನಾನು ಒಬ್ಬ ಹಿರಿಯ ಮೆಕ್ಯಾನಿಕರ ಅಂಗಡಿಯಲ್ಲಿ ಕೂರಲು ಶುರು ಮಾಡಿದೆ. ಎರಡು ಮಳೆಗಾಲ ಹಾಗೆಯೇ ಕಳೆಯಿತು. ಅವರು ಮೊದಲು ಕಲಿಸಿದ್ದು ಸ್ಕ್ರೂ ಬಿಚ್ಚುವುದನ್ನಲ್ಲ, ಬಿಚ್ಚದೆ ನೋಡುವುದನ್ನು. ಜಾರನ್ನು ಮಗುಚಿ ಕಪ್ಲರಿನ ಹಲ್ಲು ನೋಡು: ಸವೆದು ಉರುಟಾಗಿದ್ದರೆ ಮೋಟಾರು ತಿರುಗಿ, ಬ್ಲೇಡು ನಿಂತು, ಕರಕರ ಶಬ್ದ ಬರುತ್ತದೆ. ಕಪ್ಲರನ್ನು ಬೆರಳಿನಲ್ಲಿ ತಿರುಗಿಸು: ಬಿಗಿಯಾಗಿದ್ದರೆ ಒಳಗೆ ಬ್ಲೇಡಿನ ಕಡ್ಡಿ ತಿರುಗುವ ಬುಷ್ ಹಿಡಿದುಕೊಂಡಿದೆ. ಅಲುಗಾಡಿದರೆ ಬುಷ್ ಸವೆದಿದೆ. ತಳದಲ್ಲಿ ಕಪ್ಪು ಜಿಡ್ಡು ಇಳಿದಿದ್ದರೆ ಅದು ಇನ್ನೂ ಮುಖ್ಯ. ಅಂಥ ಜಾರಿನಲ್ಲಿ ಚಟ್ನಿ ರುಬ್ಬಿದರೆ ನೀರು ಮೋಟಾರಿನ ಮೇಲೆ ಸೋರುತ್ತದೆ, ಕೆಲವು ತಿಂಗಳಿಗೆ ಮೋಟಾರಿನ ಬೇರಿಂಗೂ ಹೋಗುತ್ತದೆ. ನೂರು ರೂಪಾಯಿಯ ಬುಷ್ ಸೆಟ್ಟಿನಲ್ಲಿ ಮುಗಿಯುವುದು ಸಾವಿರದ ಮೇಲಕ್ಕೆ ಹೋಗುವುದು ಹೀಗೆ. ಸುಟ್ಟ ವಾಸನೆ ಇದ್ದು, ಒಳಗೆ ಕಾರ್ಬನ್ ಬ್ರಷ್ ಮುಟ್ಟುವ ಜಾಗದಲ್ಲಿ ಸುತ್ತಲೂ ನೀಲಿ ಕಿಡಿ ಬಂದರೆ ಅದು ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗದ, ಅಂದರೆ ಆರ್ಮೇಚರಿನ ಕೆಲಸ, ಅದಕ್ಕೆ ಕೈ ಹಾಕಬೇಡ. ಅವರು ಹೇಳಿದ್ದನ್ನೆಲ್ಲ ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದುಕೊಂಡೆ.

ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದ್ದರು. ಕಪ್ಲರಿನ ಎಳೆ ಮೋಟಾರು ತಿರುಗಿದಷ್ಟೂ ಬಿಗಿಯಾಗುವ ಹಾಗೆ ಇರುತ್ತದೆ. ಯಾವ ಕಡೆ ಬಿಚ್ಚುತ್ತದೆ ಅಂತ ತಿಳಿಯದೆ ಬಲ ಹಾಕಿದರೆ ಇನ್ನೂ ಬಿಗಿಯಾಗಿ ಹಲ್ಲು ಮುರಿದು ಕೈಗೆ ಬರುತ್ತದೆ. ಮನೆಯಲ್ಲಿ ಪ್ರಯತ್ನ ಮಾಡಿ ತಂದ ಜಾರುಗಳಲ್ಲಿ ಅರ್ಧಕ್ಕರ್ಧ ಹೀಗೆ ಮುರಿದವೇ.

ಇಷ್ಟು ಗೊತ್ತಾದ ಮೇಲೆ ಬಸ್ಸಿನಲ್ಲೇ ಪ್ರಯೋಗ ಮಾಡಿದೆ. ಮೊದಲು ಮಾಲೀಕರನ್ನು ಕೇಳಿದೆ. ಪ್ರತಿ ವಸ್ತುವಿಗೂ ಲಗೇಜು ಟಿಕೆಟ್ ಹರಿಯಬೇಕು, ಟೈಮಿಂಗ್ ಒಂದು ನಿಮಿಷವೂ ಏರುಪೇರಾಗಬಾರದು, ಈ ಎರಡು ಷರತ್ತಿನ ಮೇಲೆ ಒಪ್ಪಿದರು. ನಮ್ಮ ದಾರಿಯಲ್ಲಿ ಹಿಂದೆ ಮುಂದೆ ಬಸ್ಸುಗಳಿರುವಾಗ ಒಂದು ನಿಮಿಷ ಅಂದರೆ ಆ ಸ್ಟೇಜಿನ ಜನ ಪೂರ್ತಿ ಇನ್ನೊಂದು ಬಸ್ಸಿಗೆ ಹೋಗುತ್ತಾರೆ, ಅವರ ಮಾತು ಸರಿಯಾಗಿಯೇ ಇತ್ತು. ಅದಕ್ಕಾಗಿ ಜಾರನ್ನು ಬಸ್ಸಿನ ಬಾಗಿಲಲ್ಲಿ ತೆಗೆದುಕೊಳ್ಳಲಿಲ್ಲ. ಕ್ರಾಸಿನ ಕಿರಾಣಿ ಅಂಗಡಿಯಲ್ಲಿ ಹಿಂದಿನ ಸಂಜೆಯೇ ಇಟ್ಟು ಹೋಗಲು ಹೇಳಿದೆ. ಸಂಜೆ ಆಗುಂಬೆ ಕಡೆಗೆ ಹೋಗುವಾಗ ಒಂದು ಚೀಲಕ್ಕೆ ತುಂಬಿಕೊಂಡು, ರಾತ್ರಿ ರೂಮಿನಲ್ಲಿ ಒಂದೊಂದನ್ನೇ ನೋಡಿ, ಕಪ್ಲರನ್ನು ಕೆಳಗಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದು, ಪಕ್ಕದಲ್ಲಿ ಸ್ಕೇಲು ಇಟ್ಟು, ಕಂಪನಿ ಹೆಸರಿನ ಜೊತೆ ಶಿವಮೊಗ್ಗಕ್ಕೆ ವಾಟ್ಸಾಪ್ ಮಾಡುತ್ತಿದ್ದೆ. ಬೆಳಿಗ್ಗೆ ಜಾರುಗಳನ್ನು ತೀರ್ಥಹಳ್ಳಿಯಲ್ಲಿ ಇಳಿಸಿ, ಮಧ್ಯಾಹ್ನ ಶಿವಮೊಗ್ಗದಲ್ಲಿ ಭಾಗ ತೆಗೆದುಕೊಂಡು, ಮೂರೂವರೆಗೆ ತೀರ್ಥಹಳ್ಳಿಯಲ್ಲಿ ಮೆಕ್ಯಾನಿಕರ ಕೈಗೆ ಕೊಟ್ಟರೆ, ಬಸ್ಸು ಅಲ್ಲಿ ನಿಲ್ಲುವ ಇಪ್ಪತ್ತು ನಿಮಿಷದಲ್ಲಿ ಮೂರು ನಾಲ್ಕು ಜಾರು ಸಿದ್ಧ. ಸಂಜೆ ಅದೇ ಕಿರಾಣಿ ಅಂಗಡಿಗೆ ಇಳಿಸುತ್ತಿದ್ದೆ. ಒಂದು ವಾರ ಹಿಡಿಯುತ್ತಿದ್ದ ಕೆಲಸ ಒಂದು ದಿನಕ್ಕೆ ಬಂತು.

ನಿಯಮಗಳು ಒಂದೊಂದಾಗಿ ಸೇರಿಕೊಂಡವು. ಪ್ರತಿ ಜಾರಿಗೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಅದರ ಮೇಲೆ ಹೆಸರು, ಊರು, ದೂರು. ಮುಚ್ಚಳ ಮನೆಯಲ್ಲೇ ಇರಲಿ ಅಂದೆ, ಯಾಕೆಂದರೆ ಮುಚ್ಚಳಗಳು ನೋಡಲು ಒಂದೇ ಥರ, ಅದಲುಬದಲಾದರೆ ಯಾರ ಜಾರಿಗೂ ಕೂರುವುದಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಚೀಟಿಯ ಮೇಲಿನ ಒಂದು ಸಂಖ್ಯೆ. 'ಎಷ್ಟರವರೆಗೆ ಮಾಡಲಿ?' ಅಂತ ಮೊದಲೇ ಕೇಳಿ ಬರೆದುಕೊಳ್ಳುವುದು. ನೂರೈವತ್ತು ಅಂತ ಬರೆದಿದ್ದರೆ ಅದರೊಳಗೆ ಕೇಳದೆ ಮಾಡುವುದು, ಮೀರಿದರೆ ಫೋನು ಮಾಡುವುದು. ನಮ್ಮ ಕಡೆ ನೆಟ್‌ವರ್ಕ್ ಎಲ್ಲಾ ಮನೆಗೂ ಸಿಗುವುದಿಲ್ಲ. ಆ ಸಂಖ್ಯೆ ಇಲ್ಲದಿದ್ದರೆ ಜಾರು ಒಪ್ಪಿಗೆಗಾಗಿಯೇ ಇನ್ನೆರಡು ದಿನ ಕೂರುತ್ತಿತ್ತು.

ದುಡ್ಡಿನ ಲೆಕ್ಕ ಹೀಗಿತ್ತು. ಕ್ರಾಸಿನಿಂದ ತೀರ್ಥಹಳ್ಳಿಗೆ ಆಗ 25 ರೂಪಾಯಿ ಚಾರ್ಜು. ಜಾರಿನವರೇ ಕೊಡಲು ಒಮ್ಮೆ, ತರಲು ಒಮ್ಮೆ ಹೋಗಿ ಬಂದರೆ 100 ಬಸ್ಸಿಗೇ. ಕಪ್ಲರ್ ಮತ್ತು ಕೂಲಿ ಸೇರಿ 70. ಒಟ್ಟು 170, ಜೊತೆಗೆ ಎರಡು ದಿನ ಅರ್ಧರ್ಧ ಹೊತ್ತು ಕೆಲಸ ಬಿಟ್ಟದ್ದು. ನಾನು 100 ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ಮೆಕ್ಯಾನಿಕರಿಗೆ ಭಾಗವೂ ಕೂಲಿಯೂ ಸೇರಿ 60, ಲಗೇಜಿಗೆ 10, ಕಿರಾಣಿ ಅಂಗಡಿಗೆ 5. ನನಗೆ 25 ಉಳಿಯುತ್ತಿತ್ತು. ನಿತ್ಯ ಕೆಲಸ ಕೊಡುವವನು ಅಂತ ಮೆಕ್ಯಾನಿಕ್ ನನಗೆ ಹತ್ತು ರೂಪಾಯಿ ಇಳಿಸಿದ್ದರು. ಸಂಪಾದನೆ ಅಂತ ಹೇಳುವಷ್ಟು ಅದಲ್ಲ, ಆದರೆ ಜನ ದುಡ್ಡು ಕೊಡಲು ಒಪ್ಪುತ್ತಾರೆ ಅನ್ನುವುದು ಗೊತ್ತಾಯಿತು.

ಇದೇ ಹೊತ್ತಿಗೆ, 2023ರ ಜೂನ್‌ನಲ್ಲಿ, ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಖಾಸಗಿಯಲ್ಲಿ ಇದೆ. ಇನ್ನು ಜಾರು ಕೊಡುವವರು ನಿಂತರು ಅಂದುಕೊಂಡೆ. ಸರ್ಕಾರಿ ಬಸ್ಸು ಚೆನ್ನಾಗಿ ಸಿಗುವ ಊರುಗಳಲ್ಲಿ ನಿಜಕ್ಕೂ ಕಡಿಮೆಯಾಯಿತು. ಆದರೆ ಒಳಊರುಗಳಲ್ಲಿ ಆಗಲಿಲ್ಲ. ಅಲ್ಲಿಂದ ಮುಖ್ಯ ರಸ್ತೆಗೆ ಬರುವುದೇ ಎರಡು ಮೂರು ಕಿಲೋಮೀಟರ್ ನಡಿಗೆ, ಆಮೇಲೆ ಬಸ್ಸಿಗೆ ಕಾಯುವುದು. ಟಿಕೆಟ್ ಉಳಿದರೂ ದಿನ ಉಳಿಯುವುದಿಲ್ಲ. ಅಂಗಡಿ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿದ್ದು ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ನೋಡಿದ ಮೇಲೆಯೇ. ಜನ ಹೆಚ್ಚು ಸೇರುವ ಪೇಟೆ ಬಿಟ್ಟು, ನಾಲ್ಕು ಒಳರಸ್ತೆ ಬಂದು ಸೇರುವ ಕ್ರಾಸನ್ನು ಆರಿಸಿದೆ.

ಜಾರಿನಿಂದ ಮಾತ್ರ ಅಂಗಡಿ ಬಾಡಿಗೆ ಹುಟ್ಟುವುದಿಲ್ಲ. ಅಂಗಡಿಯನ್ನು ಉಳಿಸಿದ್ದು ತೋಟದ ಯಂತ್ರಗಳು, ಅದಕ್ಕೂ ಪುಸ್ತಕವೇ ದಾರಿ ತೋರಿಸಿತು. ಜಾರು ವರ್ಷವಿಡೀ ಬರುತ್ತದೆ, ಯಂತ್ರಗಳು ಹಾಗಲ್ಲ. ಮೇ ಕೊನೆಯಿಂದ ಜುಲೈವರೆಗೆ ಔಷಧಿ ಪಂಪುಗಳು, ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕಳೆ ಕಟರ್. ತಾರೀಖುಗಳು ಎರಡು ವರ್ಷವೂ ಹೆಚ್ಚು ಕಡಿಮೆ ಅಲ್ಲೇ ಬಂದಿದ್ದವು.

ಪಂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಡಿಕೆ ತೋಟ ಇಲ್ಲದವರಿಗೆ ಇದರ ಅವಸರ ಗೊತ್ತಾಗುವುದಿಲ್ಲ. ಕೊಳೆರೋಗ ಬಾರದಂತೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಆಗುಂಬೆ ಕಡೆಯ ಮಳೆಯಲ್ಲಿ ಎರಡನೇ ಸಲಕ್ಕೆ ಒಣ ದಿನ ಸಿಗುವುದೇ ದೊಡ್ಡದು. ಅಡಿಕೆ ಮರದ ಕೆಲಸ ಮಾಡುವ ಕೊನೆಗಾರ ಒಂದು ದಿನಕ್ಕೆ ಒಪ್ಪಿ ಬಂದಿರುತ್ತಾನೆ, ದ್ರಾವಣ ಕಲಸಿಯಾಗಿರುತ್ತದೆ, ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ಇಟ್ಟರೆ ಕೆಲಸಕ್ಕೆ ಬಾರದು. ಆ ಹೊತ್ತಿಗೆ ಪಂಪಿನಲ್ಲಿ ಒತ್ತಡ ಏರದಿದ್ದರೆ ದಿನವೂ ಹೋಯಿತು, ಔಷಧಿಯೂ ಹೋಯಿತು. ಕಾರಣ ಹೆಚ್ಚಾಗಿ ಸುಣ್ಣದ ಹರಳು. ಬಟ್ಟೆಯಲ್ಲಿ ಸೋಸದೆ ಹಾಕಿದರೆ ಹರಳು ವಾಲ್ವಿನ ಕೆಳಗೆ ಸಿಕ್ಕಿ ಅದು ಮುಚ್ಚುವುದಿಲ್ಲ. ಹಾಗೇ ಓಡಿಸಿದರೆ ಪಿಸ್ಟನ್ನಿನ ವಾಷರನ್ನೂ ಗೀರುತ್ತದೆ. ಗುರುತು ಸುಲಭ: ಇಂಜಿನ್ ಸರಿಯಾಗಿ ಓಡುತ್ತಿರುತ್ತದೆ, ಗನ್ನಿನಲ್ಲಿ ನೀರು ಬರುತ್ತದೆ, ಆದರೆ ಗೊನೆಯವರೆಗೆ ಏರುವುದಿಲ್ಲ, ಪೈಪು ಕೈಯಲ್ಲಿ ದಡ್ ದಡ್ ಅಂತ ಬಡಿಯುತ್ತದೆ. ವಾಲ್ವು, ವಾಷರ್, ಪ್ಯಾಕಿಂಗ್ ನನ್ನ ಹತ್ತಿರ ಇದ್ದರೆ ಒಂದು ಗಂಟೆಯೊಳಗಿನ ಕೆಲಸ. ಇಲ್ಲದಿದ್ದರೆ ಮರುದಿನ, ಮರುದಿನ ಮಳೆ.

ಕಳೆ ಕಟರಿನ ಕಥೆ ಬೇರೆ. ಆರು ತಿಂಗಳು ಮೂಲೆಯಲ್ಲಿ ನಿಂತದ್ದನ್ನು ತೆಗೆದು ಹಗ್ಗ ಎಳೆದರೆ ಸ್ಟಾರ್ಟ್ ಆಗುವುದಿಲ್ಲ. ನಾನು ಮೊದಲು ಪ್ಲಗ್ ಬಿಚ್ಚಿ ನೋಡುತ್ತೇನೆ. ನಾಲ್ಕೈದು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಕಾರ್ಬೊರೇಟರ್ ಕಟ್ಟಿದೆ. ಒದ್ದೆಯಾಗಿದ್ದರೆ ಕಿಡಿ ಇದೆಯೇ ನೋಡಬೇಕು. ಹೆಚ್ಚಿನವು ಒಣಗಿಯೇ ಇರುತ್ತವೆ. ಹಿಂದಿನ ಸೀಸನ್ನಿನ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದು, ಆರಿ, ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚಿರುತ್ತದೆ, ಒಳಗಿನ ರಬ್ಬರ್ ಹಾಳೆ ಗಟ್ಟಿಯಾಗಿರುತ್ತದೆ. ಈಗಿನ ಪೆಟ್ರೋಲಿಗೆ ಎಥನಾಲ್ ಸೇರಿಸುವುದರಿಂದ ನಮ್ಮ ತೇವದ ಹವೆಯಲ್ಲಿ ಅದು ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಹೇಳುತ್ತೇನೆ: ಸೀಸನ್ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಅದಾಗಿಯೇ ನಿಲ್ಲುವವರೆಗೆ ಓಡಿಸಿ ಇಡಿ. ಇದನ್ನು ಹೇಳಿದರೆ ನಿಮ್ಮ ವ್ಯಾಪಾರ ಹೋಗುವುದಿಲ್ಲವೇ ಅಂತ ಒಬ್ಬ ಹೆಗ್ಡೇರು ಕೇಳಿದರು. ಹೋಗಲಿಲ್ಲ. ಹೇಳಿದ್ದು ನಿಜ ಅಂತ ಗೊತ್ತಾದವರೇ ಮರುವರ್ಷ ಪಂಪು ತಂದರು. ಬಸ್ಸಿನಲ್ಲಿದ್ದಾಗಲೂ ಟ್ಯಾಂಕ್ ಖಾಲಿ ಮಾಡದ ಕಟರನ್ನು ನಾನು ಹತ್ತಿಸುತ್ತಿರಲಿಲ್ಲ. ಜನ ಕೂತ ಗಾಡಿಯಲ್ಲಿ ಪೆಟ್ರೋಲ್ ಇರಬಾರದು.

ಬಸ್ಸು ಬಿಟ್ಟು ಅಂಗಡಿ ಹಾಕುವಾಗ ಸ್ಟಾಕು ಎಷ್ಟು ಇಡಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಶಿವಮೊಗ್ಗದ ಅಂಗಡಿಯಲ್ಲಿ ನೋಡಿದ್ದನ್ನೆಲ್ಲ ತಂದರೆ ಲಕ್ಷ ಸಾಲದು. ಪುಸ್ತಕ ತೆಗೆದು ಒಂದೊಂದು ಭಾಗದ ಮುಂದೆ ಗೆರೆ ಹಾಕಿದೆ. ಮೂರು ಗೆರೆ ಬಿದ್ದದ್ದು ಅಂಗಡಿಯಲ್ಲಿ ಎರಡು ಇರಬೇಕು, ಒಂದು ಮಾರಿದ ಸಂಜೆಯೇ ಇನ್ನೊಂದು ತರಿಸಬೇಕು. ಅದಕ್ಕಿಂತ ಕಡಿಮೆ ಬಂದದ್ದನ್ನು ಇಡುವುದಿಲ್ಲ, ಬಂದಾಗ ಫೋಟೊ ಕಳಿಸಿ ಬಸ್ಸಿನಲ್ಲಿ ತರಿಸುವುದು. ಹೀಗೆ ನೋಡಿದಾಗ ಕಪ್ಲರಿನಲ್ಲಿ ಆರೇಳು ಜಾತಿ, ಬುಷ್ ಸೆಟ್ಟಿನಲ್ಲಿ ನಾಲ್ಕು, ಪಂಪಿನ ವಾಷರ್ ಎರಡು ಅಳತೆ, ಪ್ಲಗ್ ಎರಡು ನಮೂನೆ, ಇಷ್ಟಕ್ಕೇ ನಮ್ಮ ನಾಲ್ಕು ರಸ್ತೆಯ ಹೆಚ್ಚಿನ ಕೆಲಸ ಮುಗಿಯುತ್ತಿತ್ತು. ಎಲ್ಲ ಸೇರಿ ಒಂದು ಬೀರುವಿನ ಎರಡು ಖಾನೆ.

ತೆಗೆದುಕೊಳ್ಳದ ಕೆಲಸಗಳೂ ಇವೆ. ಸುಟ್ಟ ಮೋಟಾರಿನ ವೈಂಡಿಂಗ್ ಮಾಡುವುದಿಲ್ಲ, ತೀರ್ಥಹಳ್ಳಿಗೆ ಕಳಿಸುತ್ತೇನೆ. ವಾರಂಟಿ ಇರುವುದನ್ನು ಬಿಚ್ಚುವುದಿಲ್ಲ, ಬಿಚ್ಚಿದರೆ ಅವರ ವಾರಂಟಿ ಹೋಗುತ್ತದೆ. ಮೊಬೈಲು, ಟಿವಿ ಕೇಳುವವರಿಗೆ ಮೊದಲ ದಿನವೇ ಇಲ್ಲ ಅಂದಿದ್ದೇನೆ. ಇವತ್ತಿಗೂ ಮಿಕ್ಸಿ ಕೈಗೆ ಬಂದರೆ ಮೊದಲು ಕೇಳುವ ಪ್ರಶ್ನೆ, 'ಕೆಳಗಿನ ಕೆಂಪು ಗುಂಡಿ ಒತ್ತಿ ನೋಡಿದ್ರಾ?' ಫೋನಿನಲ್ಲಿ ಕೇಳಿದವರಿಗೂ ಇದನ್ನೇ ಹೇಳುತ್ತೇನೆ. ಅಲ್ಲಿಗೇ ಮುಗಿದುಹೋಗುವ ಕರೆಗಳು ವಾರಕ್ಕೆ ಒಂದೆರಡು ಇದ್ದೇ ಇವೆ.

ನನ್ನ ಜಾಗಕ್ಕೆ ಬಂದ ಕಂಡಕ್ಟರ್ ಹುಡುಗ ಈಗ ನನ್ನ ಪೊಟ್ಟಣಗಳನ್ನು ತರುತ್ತಾನೆ. ಪ್ರತಿ ಪೊಟ್ಟಣಕ್ಕೂ ಲಗೇಜು ಟಿಕೆಟ್ ಹರಿಸುತ್ತೇನೆ, ಅವನಿಗೆ ಬೇರೆ ಹತ್ತು ರೂಪಾಯಿ. ಈ ವರ್ಷ ಮಳೆಗೆ ಮೊದಲು ಒಂದು ಹೊಸ ಕ್ರಮ ಶುರು ಮಾಡಿದ್ದೇನೆ: ಏಪ್ರಿಲ್ ಕೊನೆಗೆ ಪಂಪು ತಂದು ವಾಲ್ವು, ವಾಷರ್ ನೋಡಿಸಿಕೊಂಡವರಿಗೆ ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ. ಜೂನ್‌ನಲ್ಲಿ ಒಂದೇ ಬೆಳಿಗ್ಗೆ ಆರು ಪಂಪು ಬಂದು ಸಾಲು ನಿಲ್ಲುವುದು ತಪ್ಪಬೇಕು ಅಂತ. ಎರಡು ಒಳರಸ್ತೆಯ ಊರಿನವರು ಇದಕ್ಕೆ ಒಪ್ಪಿ ಒಟ್ಟಿಗೆ ಒಂದು ಪಿಕಪ್‌ನಲ್ಲಿ ತಂದು ಹಾಕಿದರು. ಉಳಿದ ಎರಡು ರಸ್ತೆಯವರನ್ನು ಒಪ್ಪಿಸುವ ಕೆಲಸ ಬಾಕಿ ಇದೆ.